10 ಕೆಜಿ ಮಗುವಿಗೆ ಪ್ಯಾರಾಸಿಟಮಾಲ್ ಎಷ್ಟು ಎಂಎಲ್?

"ಮಗಳಿಗೆ ಒಂದೂವರೆ ವರ್ಷ, ತೂಕ 10 ಕೆಜಿ. ಜ್ವರ ಬಂದಿದೆ. ಮನೆಯಲ್ಲಿ ಎರಡು ಪ್ಯಾರಾಸಿಟಮಾಲ್ ಬಾಟಲಿ ಇವೆ, ಎರಡರ ಮೇಲೂ ಬೇರೆ ಬೇರೆ ನಂಬರ್ ಇದೆ. ಎಷ್ಟು ಎಂಎಲ್ ಕೊಡಲಿ?"

ನಾನು ಫಾರ್ಮಸಿಸ್ಟ್. ಮೊದಲು ಎಂಎಲ್ ಮರೆತುಬಿಡಿ, ಮಿಲಿಗ್ರಾಂ ಲೆಕ್ಕ ಹಾಕಿ. ಒಂದು ಸಲಕ್ಕೆ ಪ್ರತಿ ಕೆಜಿ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ನಿಮ್ಮ ಮಗಳಿಗೆ ಅಂದ್ರೆ 100ರಿಂದ 150, ಅದಕ್ಕಿಂತ ಜಾಸ್ತಿ ಬೇಡ. ವಯಸ್ಸು ನೋಡಿ ಕೊಡೋದಕ್ಕಿಂತ ಇದು ಒಳ್ಳೇದು, ಯಾಕಂದ್ರೆ ಒಂದೂವರೆ ವರ್ಷದ ಎರಡು ಮಕ್ಕಳ ತೂಕದಲ್ಲಿ ಮೂರು ಕೆಜಿ ವ್ಯತ್ಯಾಸ ಇರಬಹುದು.

ಈಗ ಬಾಟಲಿ ತಿರುಗಿಸಿ ನೋಡಿ. 5 ಎಂಎಲ್‌ಗೆ 120 ಮಿಲಿಗ್ರಾಂ ಅಂತಿದ್ದರೆ 6 ಎಂಎಲ್ ಕೊಡಿ, 144 ಮಿಲಿಗ್ರಾಂ ಆಗುತ್ತೆ. 5 ಎಂಎಲ್‌ಗೆ 250 ಅಂತಿದ್ದರೆ 3 ಎಂಎಲ್ ಸಾಕು. 1 ಎಂಎಲ್‌ಗೆ 100 ಅಂತಿದ್ದರೆ ಅದು ಹಸುಗೂಸುಗಳ ಡ್ರಾಪ್ಸ್, ಒಂದೂವರೆ ಎಂಎಲ್ ಅಷ್ಟೇ. ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗೋದು ಇಲ್ಲೇ. ಡ್ರಾಪ್ಸ್ ಅನ್ನು ಸಿರಪ್ ಅಂದುಕೊಂಡು 5 ಎಂಎಲ್ ಕೊಟ್ಟರೆ ಒಂದೇ ಸಲಕ್ಕೆ 500 ಮಿಲಿಗ್ರಾಂ ಹೊಟ್ಟೆಗೆ ಹೋಗುತ್ತೆ!

ಬೇರೆ ತೂಕಕ್ಕೂ ಇದೇ ಲೆಕ್ಕ. 8 ಕೆಜಿಗೆ 120ರ ಸಿರಪ್ 5 ಎಂಎಲ್, 12 ಕೆಜಿಗೆ ಏಳೂವರೆ. 15 ಕೆಜಿಗೆ 250ರ ಸಿರಪ್ ನಾಲ್ಕೂವರೆ ಎಂಎಲ್. ಅಳೆಯೋಕೆ ಅಡುಗೆಮನೆ ಚಮಚ ಬೇಡ, ಸೂಜಿ ಇಲ್ಲದ ಸಿರಿಂಜ್ ತಗೊಳ್ಳಿ.

ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ ಬಿಡಬೇಕು, 6 ಗಂಟೆ ಬಿಟ್ಟರೆ ಇನ್ನೂ ಒಳ್ಳೇದು, ಮತ್ತೆ 24 ಗಂಟೇಲಿ ನಾಲ್ಕು ಸಲ ದಾಟಬಾರದು. ಕೊಟ್ಟು ಒಂದು ಗಂಟೆ ಆದ್ರೂ ಮೈ ಬಿಸಿ ಇದೆ ಅಂತ ಸುಮ್ನೆ ಇನ್ನೊಂದು ಡೋಸ್ ಹಾಕಬೇಡಿ. ನಮ್ಮ ಮನೇಲೂ ಒಮ್ಮೆ ಹೀಗಾಯ್ತು: ರಾತ್ರಿ 10ಕ್ಕೆ ನಾನು ಕೊಟ್ಟಿದ್ದೆ, ಗೊತ್ತಿಲ್ಲದೆ 11ಕ್ಕೆ ಹೆಂಡತಿ ಮತ್ತೆ ಬಾಟಲಿ ಅಲುಗಾಡಿಸ್ತಾ ಇದ್ದಳು. ಆವತ್ತಿಂದ ಬಾಟಲಿಗೆ ಒಂದು ಚೀಟಿ ಅಂಟಿಸಿ ಟೈಮು, ಎಂಎಲ್ ಬರೆದಿಡ್ತೀವಿ. ನೆಗಡಿ ಸಿರಪ್ ಕೂಡ ಕೊಡ್ತಾ ಇದ್ದರೆ ಅದರ ಲೇಬಲ್ ಓದಿ, ಸುಮಾರು ನೆಗಡಿ ಔಷಧಿಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತೆ.

ಮೂರು ತಿಂಗಳೊಳಗಿನ ಕೂಸಿಗಾದರೆ ಈ ಲೆಕ್ಕ ಯಾವುದೂ ಬೇಡ, 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೇರ ಡಾಕ್ಟರ್ ಹತ್ತಿರ. ಲಿವರ್ ತೊಂದರೆ ಇರೋ ಮಗುವಿಗೂ, ಊಟ ನೀರು ಬಿಟ್ಟು ಸೊರಗಿರೋ ಮಗುವಿಗೂ ಡಾಕ್ಟರ್‌ನ ಕೇಳದೆ ಕೊಡಬೇಡಿ.

ಜಾಸ್ತಿ ಹೋಗಿದೆ ಅಂತ ಅನುಮಾನ ಬಂದ್ರೆ ಮಗು ಆಡ್ತಾ ಇದೆ ಅಂತ ಕಾಯಬೇಡಿ. ಮೊದಲ ದಿನ ಬರೀ ವಾಂತಿ ಆಗಬಹುದು, ಏನೂ ಆಗದೆಯೂ ಇರಬಹುದು. ಒಳಗೆ ಲಿವರ್ ಕೆಡ್ತಾ ಇರುತ್ತೆ, ಕಣ್ಣು ಹಳದಿ ಆಗೋದು ಎಷ್ಟೋ ತಡವಾಗಿ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಅನ್ನೋ ಪ್ರತಿಮದ್ದು ಇದೆ, 8 ಗಂಟೆಯೊಳಗೆ ಶುರು ಮಾಡಿದರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ. ವಾಂತಿ ಮಾಡಿಸೋಕೆ ಹೋಗದೆ, ಬಾಟಲಿ ಮತ್ತು ಆ ಚೀಟಿ ಹಿಡ್ಕೊಂಡು ಆಸ್ಪತ್ರೆಗೆ ಹೊರಡಿ.