ಪ್ರತಿಕ್ರಿಯೆ: ಬಾಗಿಲ ಎಣಿಕೆ ಏಕೆ ಜಾಸ್ತಿ ಬರುತ್ತಿದೆ

"ಅಂಗಡಿ ಬಾಗಿಲ ಕ್ಯಾಮೆರಾದ ಒಂದು ಗಂಟೆಯ ವಿಡಿಯೋದಲ್ಲಿ ಸಾಫ್ಟ್‌ವೇರ್ 91 ಜನ ಒಳಬಂದರು ಅನ್ನುತ್ತೆ, ನಾನೇ ಎಣಿಸಿದರೆ 62. ಡಿಸ್‌ಪ್ಲೇ ಮುಂದೆ ನಿಂತವರ ಲೆಕ್ಕವೂ ಜಾಸ್ತಿ. ಇದನ್ನು ನಂಬಿ ರ‍್ಯಾಕ್ ಜಾಗ ಬದಲಿಸಬಹುದಾ?"

ದಾಟಿದವರನ್ನು ಎಣಿಸಲು ಸಾಫ್ಟ್‌ವೇರ್‌ನಲ್ಲಿ ವಿಡಿಯೋ ಮೇಲೆ ಎಳೆದ ಗೆರೆ ಹೊಸ್ತಿಲ ಮೇಲೇ ಇದೆ ಅನ್ನಿಸುತ್ತದೆ. ಅಲ್ಲಿ ಜನ ಚೀಲ ಸರಿಮಾಡುತ್ತಾ, ಜೊತೆಯವರಿಗೆ ಕಾಯುತ್ತಾ ಹಿಂದೆಮುಂದೆ ಆಡುತ್ತಾರೆ. ಒಬ್ಬರೇ ಮೂರು ಸಲ ಗೆರೆ ದಾಟಿದಂತಾಗುತ್ತದೆ.

ಮೊದಲು ಗೆರೆಯನ್ನು ಒಳಗೆ ಸರಿಸಿ, ಸುಮಾರು ಒಂದು ಮೀಟರ್ ಅಂತರದಲ್ಲಿ ಇನ್ನೊಂದು ಎಳೆಯಿರಿ. ಹೊರಗಿನದನ್ನು ದಾಟಿ ಆಮೇಲೆ ಒಳಗಿನದನ್ನೂ ದಾಟಿದವರನ್ನು ಮಾತ್ರ, ಸಾಫ್ಟ್‌ವೇರ್ ಪ್ರತಿಯೊಬ್ಬರಿಗೂ ಕೊಡುವ ಐಡಿಗೆ ಒಂದೇ ಸಲ, ಎಣಿಸಿ. ದಾಟಿದ್ದನ್ನು ವ್ಯಕ್ತಿಯ ಸುತ್ತ ಸಾಫ್ಟ್‌ವೇರ್ ಬರೆಯುವ ಚೌಕಟ್ಟಿನ ನಡುವಿನಿಂದಲ್ಲ, ಕೆಳಅಂಚಿನ ಮಧ್ಯದಿಂದ, ಅಂದರೆ ಪಾದದ ಜಾಗದಿಂದ ನೋಡಿ.

ನಿಲ್ಲುವ ಲೆಕ್ಕಕ್ಕೂ ಪಾದದ ಬಿಂದುವೇ ಬೇಕು. ಡಿಸ್‌ಪ್ಲೇ ಮುಂದಿನ ನೆಲದಲ್ಲಷ್ಟೇ ವಲಯ ಬರೆಯಿರಿ, ನಡೆದಾಡುವ ದಾರಿ ಸೇರಿಸಬೇಡಿ. ಎಷ್ಟು ಹೊತ್ತು ಇದ್ದರೆ ನಿಂತಂತೆ ಅನ್ನುವುದನ್ನು 5 ಸೆಕೆಂಡಿನಿಂದ ಶುರುಮಾಡಿ, ವಿಡಿಯೋ ನೋಡಿ ಹೊಂದಿಸಿ. ಪಾದ ರ‍್ಯಾಕಿನ ಹಿಂದೆ ಮರೆಯಾದರೆ ಕೆಳಅಂಚು ಮೇಲಕ್ಕೆ ಜಿಗಿದು ಪಕ್ಕದ ವಲಯಕ್ಕೆ ಬೀಳುತ್ತದೆ. ಅಂಥ ಕೋನದ ಲೆಕ್ಕ ಬಿಟ್ಟುಬಿಡಿ, ಕ್ಯಾಮೆರಾ ಎತ್ತರಿಸುವುದೇ ದಾರಿ. ಸರಕು ಜೋಡಿಸುವ ಸಿಬ್ಬಂದಿಯನ್ನೂ ಲೆಕ್ಕದಿಂದ ತೆಗೆಯಿರಿ. ಒಂದೇ ಕಡೆ ಹತ್ತು ನಿಮಿಷ ನಿಂತವರು ಬಹುತೇಕ ಅವರೇ.

ಆಮೇಲೆ ಗದ್ದಲದ 15 ನಿಮಿಷ, ಖಾಲಿ 15 ನಿಮಿಷ ಕೈಯಲ್ಲಿ ಎಣಿಸಿ ಹೋಲಿಸಿ. ಗದ್ದಲದಲ್ಲಿ ಮಾತ್ರ ತಪ್ಪಿದರೆ, ಒಬ್ಬರ ಹಿಂದೆ ಒಬ್ಬರು ಮರೆಯಾಗಿ ಐಡಿ ಬದಲಾಗುತ್ತಿರಬಹುದು. ಅದನ್ನು ಗೆರೆ ಸರಿಪಡಿಸುವುದಿಲ್ಲ. ಎರಡೂ ಹೊತ್ತಿನಲ್ಲಿ ಹೊಂದಿಕೆಯಾಗುವವರೆಗೆ ರ‍್ಯಾಕ್ ಮುಟ್ಟಬೇಡಿ.