ಮೊದಲು ಕಬ್ಬಿಣದ ಬಟ್ಟಲು, ಆಮೇಲೆ ಐದು ‘ಕ’

ಪ್ರಶ್ನೆ: ಏಳನೇ ಕ್ಲಾಸಿಗೆ ಸಿಖ್ಖರ ಖಾಲ್ಸಾ ಪಂಥ ಹುಟ್ಟಿದ ಕಥೆ ಮತ್ತು ಐದು ‘ಕ’ಗಳ ಅರ್ಥ ಹೇಳಬೇಕು. ಪಟ್ಟಿ ಬರೆಸಿದರೆ ಬಾಯಿಪಾಠ ಮಾಡ್ತಾರೆ, ಅಷ್ಟೇ. ಹೇಗೆ ಹೇಳೋದು?

ನಾನು ಬೀದರ್ ಕಡೆ ಸಮಾಜ ವಿಜ್ಞಾನ ಪಾಠ ಮಾಡುವವನು. ಮೊದಲ ವರ್ಷ ನಾನೂ ಪಟ್ಟಿಯನ್ನೇ ಬರೆಸಿದ್ದೆ. ಪರೀಕ್ಷೆಯಲ್ಲಿ ಅರ್ಧ ಕ್ಲಾಸು ಐದನೆಯದು ‘ಪೇಟ’ ಅಂತ ಬರೆದಿತ್ತು. ಈಗ ಬಟ್ಟಲಿನಿಂದ ಶುರು ಮಾಡುತ್ತೇನೆ.

1699ರ ಬೈಸಾಖಿ, ಪಂಜಾಬಿನ ಆನಂದಪುರ. ಗುರು ಗೋಬಿಂದರು ತುಂಬಿದ ಸಭೆಯ ಮುಂದೆ ಕತ್ತಿ ಹಿರಿದು, ಒಂದು ತಲೆ ಬೇಕು, ಯಾರು ಕೊಡುತ್ತೀರಿ ಎಂದು ಕೇಳಿದರು. ಒಬ್ಬೊಬ್ಬರಾಗಿ ಐದು ಜನ ಎದ್ದರು. ಗುರು ಪ್ರತಿಯೊಬ್ಬರನ್ನೂ ಡೇರೆಯೊಳಗೆ ಕರೆದುಕೊಂಡು ಹೋಗಿ, ಪ್ರತಿ ಸಲ ರಕ್ತ ಅಂಟಿದ ಕತ್ತಿ ಹಿಡಿದು ಒಬ್ಬರೇ ಹೊರಗೆ ಬಂದರು. ಕೊನೆಗೆ ಐದೂ ಜನ ಜೀವಂತವಾಗಿ ಹೊರಗೆ ಬಂದರು. ಒಳಗೆ ಏನಾಯ್ತು ಸರ್ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಆಡು ಕಡಿದರು ಎಂಬ ಕಥೆಯೂ ಇದೆ, ಆದರೆ ಪಾಠ ಅದರಲ್ಲೇ ಸಿಕ್ಕಿಕೊಳ್ಳುವುದು ಬೇಡ.

ಆ ಐದು ಜನ ಯಾರು ಅನ್ನೋದು ಹೆಚ್ಚು ಮುಖ್ಯ. ಸಿಖ್ ಪರಂಪರೆಯ ಪ್ರಕಾರ ದಯಾ ರಾಮ್ ಲಾಹೋರಿನ ಖತ್ರಿ, ಧರಮ್ ದಾಸ್ ಹಸ್ತಿನಾಪುರದ ಜಾಟ, ಹಿಮ್ಮತ್ ರಾಯ್ ಪುರಿಯ ನೀರು ಹೊರುವವನು, ಮೊಹಕಮ್ ಚಂದ್ ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವವನು. ಐದನೆಯವನು ಸಾಹಿಬ್ ಚಂದ್, ಕ್ಷೌರಿಕ, ನಮ್ಮ ಬೀದರಿನವನು. ಇದನ್ನು ಹೇಳಿದ ಕೂಡಲೇ ನಮ್ಮ ಮಕ್ಕಳು ನೆಟ್ಟಗೆ ಕೂರುತ್ತಾರೆ. ಅವನು ಮುಂದೆ ಚಮಕೌರ್ ಕದನದಲ್ಲಿ ಸತ್ತ.

ಈಗ ಬಟ್ಟಲು. ಕಬ್ಬಿಣದ ಬಟ್ಟಲಲ್ಲಿ ನೀರು. ಗುರು ಪ್ರಾರ್ಥನೆ ಹೇಳುತ್ತಾ ಅದನ್ನು ಎರಡಲಗಿನ ಖಡ್ಗದಿಂದ ಕಲಕಿದರು. ಗುರುಪತ್ನಿ ಅದಕ್ಕೆ ಬತ್ತಾಸು ಹಾಕಿದರು. ಅದೇ ಅಮೃತ. ಅದಕ್ಕೂ ಮುಂಚೆ ದೀಕ್ಷೆ ಎಂದರೆ ಗುರುವಿನ ಪಾದಕ್ಕೆ ತಾಗಿಸಿದ ನೀರು ಕುಡಿಯುವುದು. ಈಗ ಪಾದದ ಜಾಗಕ್ಕೆ ಖಡ್ಗ ಬಂತು. ಖತ್ರಿಯೂ ಕ್ಷೌರಿಕನೂ ಒಂದೇ ಬಟ್ಟಲಿಗೆ ಬಾಯಿ ಇಟ್ಟರು. ಇವತ್ತಿಗೂ ಎಷ್ಟು ಊರಲ್ಲಿ ಲೋಟ ಬೇರೆ ಅಂತ ಮಕ್ಕಳಿಗೇ ಗೊತ್ತು, ಅಲ್ವಾ? ಆಮೇಲೆ ಗುರು ಆ ಐವರ ಮುಂದೆ ಕೈಮುಗಿದು, ನನಗೂ ಅಮೃತ ಕೊಡಿ ಎಂದರು. ಗುರುವೇ ಶಿಷ್ಯನಾದ. ಗೋಬಿಂದ ರಾಯ್ ಗೋಬಿಂದ ಸಿಂಗ್ ಆದದ್ದು ಆಗಲೇ.

‘ಖಾಲ್ಸಾ’ ಅಂದರೆ ಶುದ್ಧ ಎಂದಷ್ಟೇ ಬರೆಸಬೇಡಿ. ಮೊಘಲರ ಕಾಲದಲ್ಲಿ ನಡುವೆ ಜಾಗೀರದಾರ ಇಲ್ಲದೆ ನೇರ ಬಾದಶಹನ ಕೈಯಲ್ಲಿದ್ದ ಜಮೀನಿಗೂ ಇದೇ ಮಾತು. ಭಕ್ತರಿಂದ ಕಾಣಿಕೆ ವಸೂಲಿ ಮಾಡುತ್ತಿದ್ದ ‘ಮಸಂದ’ರು ಕೆಟ್ಟು ಹೋಗಿದ್ದರು. ಗುರು ಅವರನ್ನು ತೆಗೆದುಹಾಕಿದರು. ಇನ್ನು ಭಕ್ತರಿಗೂ ಗುರುವಿಗೂ ನಡುವೆ ಯಾರೂ ಇಲ್ಲ.

ಐದು ‘ಕ’ ಅಂದರೆ ಅಮೃತ ತೆಗೆದುಕೊಂಡವರು ಸದಾ ಮೈಮೇಲೆ ಇಟ್ಟುಕೊಳ್ಳಬೇಕಾದ ಐದು ಗುರುತು. ಅವನ್ನು ಬಿಡಿಬಿಡಿಯಾಗಿ ಹೇಳಿದರೆ ಮರೆತುಬಿಡುತ್ತಾರೆ. ಕೇಶ ಮತ್ತು ಕಂಘಾ, ಅಂದರೆ ಬಾಚಣಿಗೆ, ಜೋಡಿಯಾಗಿ ಹೇಳಿ. ಕೂದಲು ಕತ್ತರಿಸುವಂತಿಲ್ಲ, ಆದರೆ ಸನ್ಯಾಸಿಯ ಜಡೆಯ ಹಾಗೆ ಗಂಟುಕಟ್ಟಲೂ ಬಿಡುವಂತಿಲ್ಲ. ಒಮ್ಮೆ ಮಕ್ಕಳನ್ನು ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಒಬ್ಬ ಅಜ್ಜ ಪೇಟ ಸರಿಸಿ, ತುರುಬಿನೊಳಗಿಂದ ಬೆರಳುದ್ದದ ಮರದ ಬಾಚಣಿಗೆ ತೆಗೆದು ತೋರಿಸಿದರು. ದಿನಕ್ಕೆ ಎರಡು ಸಲ ಬಾಚಿ ಮತ್ತೆ ಅಲ್ಲೇ ಸಿಕ್ಕಿಸುತ್ತಾರಂತೆ. ಲೋಕ ಬಿಟ್ಟು ಹೋಗಬೇಡ, ಸಂಸಾರದಲ್ಲೇ ಇದ್ದು ಚೊಕ್ಕಟವಾಗಿರು ಅನ್ನೋದನ್ನು ಆ ಬಾಚಣಿಗೆ ನನಗಿಂತ ಚೆನ್ನಾಗಿ ಹೇಳಿತು.

ಕಿರ್ಪಾಣ್ ಮತ್ತು ಕಡಾ ಇನ್ನೊಂದು ಜೋಡಿ. ಕಿರ್ಪಾಣ್ ಎಂಬ ಕಿರುಗತ್ತಿ ದುರ್ಬಲರನ್ನು ಕಾಯಲು. ಕಡಾ ಎಂಬ ಬಳೆ ಇರುವುದು ಅದನ್ನು ಹಿಡಿಯುವ ಕೈಯ ಮಣಿಕಟ್ಟಲ್ಲೇ. ಏನು ಮಾಡುತ್ತಿದ್ದೀಯ ನೋಡು ಎಂದು ಅದು ನೆನಪಿಸುತ್ತದೆ. ಅದು ಕಬ್ಬಿಣದ್ದು ಅಥವಾ ಉಕ್ಕಿನದು, ಆಭರಣ ಅಲ್ಲ. ಸ್ಕೂಲಿಗೆ ಚಾಕು ತರಬಹುದಾ ಎಂಬ ಪ್ರಶ್ನೆ ಬಂದರೆ ಸಂವಿಧಾನದ 25ನೇ ವಿಧಿ ತೆಗೆದು ತೋರಿಸಿ. ಕಿರ್ಪಾಣ್ ಧರಿಸುವುದು ಸಿಖ್ ಧರ್ಮಾಚರಣೆಯ ಭಾಗ ಎಂದು ಅಲ್ಲಿ ಹೆಸರು ಹಿಡಿದೇ ಬರೆದಿದೆ.

ಉಳಿದದ್ದು ಕಛೆರಾ, ಮೊಣಕಾಲವರೆಗಿನ ಲಾಡಿ ಚಡ್ಡಿ. ಕ್ಲಾಸು ನಗುತ್ತದೆ, ನಗಲಿ. ಪಂಚೆ ಉಟ್ಟು ಕುದುರೆ ಹತ್ತಿ ನೋಡು ಎಂದರೆ ಒಂದು ಅರ್ಥ ಗೊತ್ತಾಗುತ್ತದೆ. ಇಂದ್ರಿಯಗಳ ಮೇಲೆ ಹಿಡಿತ ಅನ್ನೋದು ಇನ್ನೊಂದು.

ಹೆಣ್ಣುಮಕ್ಕಳಿಗೂ ಇದೇ ಐದು, ಹೆಸರಿನ ಜೊತೆ ‘ಕೌರ್’. ಎಲ್ಲ ಸಿಖ್ಖರೂ ಅಮೃತ ತೆಗೆದುಕೊಂಡಿರುವುದಿಲ್ಲ. ಹಾಗಾಗಿ ಪಕ್ಕದ ಮನೆಯ ಸಿಖ್ ಹುಡುಗನ ಸೊಂಟದಲ್ಲಿ ಕಿರ್ಪಾಣ್ ಇಲ್ಲ ಅಂದರೆ ಪಾಠ ತಪ್ಪು ಅಂತಲ್ಲ. ಪೇಟ ಐದರಲ್ಲಿ ಇಲ್ಲ, ಅದು ಕೇಶವನ್ನು ಕಾಯುವ ಬಟ್ಟೆ. ಇದನ್ನು ಮಾತ್ರ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ.