ಅಣ್ಣ ಬಿಟ್ಟ, ತಮ್ಮ ಬಿಡಲಾಗಲಿಲ್ಲ: ನಿಕೋಟಿನ್ ಕರಗುವ ವೇಗದ ಲೆಕ್ಕ

ಪ್ರಶ್ನೆ: ಅಣ್ಣನೂ ನಾನೂ ಕಾಲೇಜಿನ ದಿನಗಳಿಂದ ಸಿಗರೇಟು ಸೇದುತ್ತಿದ್ದವರು. ಅವನು ಒಂದು ದಿನ ಬಿಟ್ಟವನು ಮತ್ತೆ ಮುಟ್ಟಲೇ ಇಲ್ಲ. ನಾನು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಹಾಕಿಕೊಂಡರೂ ತಡೆಯಲಾಗುತ್ತಿಲ್ಲ. ಇದಕ್ಕೆ ಜೀನ್ಸ್ ಕಾರಣ ಎಂದು ಯಾರೋ ಹೇಳಿದರು. ನಿಜವೇ? (ಮೂಡಿಗೆರೆಯಿಂದ)

ಪೂರ್ತಿ ಕಾರಣವಲ್ಲ, ಆದರೆ ಒಂದು ಮುಖ್ಯ ಪಾಲು ನಿಜ. ಅಣ್ಣತಮ್ಮಂದಿರಲ್ಲೇ ಅದು ಹೇಗೆ ಬೇರೆಯಾಗಬಲ್ಲದು ಎಂಬುದಕ್ಕೆ ಸ್ಪಷ್ಟವಾದ ಉತ್ತರವೂ ಇದೆ. ನಾನು ಹಾಸನದಲ್ಲಿ ಔಷಧಶಾಸ್ತ್ರ ಕಲಿಸುವವನು. ತಂಬಾಕು ಬಿಡಲು ಬರುವವರ ಆಪ್ತಸಲಹಾ ಕೊಠಡಿಯಲ್ಲಿಯೂ ಆಗಾಗ ಕುಳಿತುಕೊಳ್ಳುತ್ತೇನೆ. ಅಲ್ಲಿ ಪದೇ ಪದೇ ಕಾಣುವ ಎರಡು ಬಗೆಯ ಜನರ ವ್ಯತ್ಯಾಸವನ್ನು ಬಹುಮಟ್ಟಿಗೆ ವಿವರಿಸುವುದು ಯಕೃತ್ತಿನಲ್ಲಿರುವ ಒಂದೇ ಒಂದು ಕಿಣ್ವ.

ಆ ಕಿಣ್ವದ ಹೆಸರು ಸಿವೈಪಿ2ಎ6. ಅದನ್ನು ರೂಪಿಸುವ ವಂಶವಾಹಿ ನಮ್ಮ 19ನೆಯ ವರ್ಣತಂತುವಿನಲ್ಲಿದೆ. ಹೊಗೆಯ ಮೂಲಕ ರಕ್ತಕ್ಕೆ ಸೇರಿದ ನಿಕೋಟಿನ್‌ನ ಶೇ. 70ರಿಂದ 80ರಷ್ಟು ಪಾಲು ಮೊದಲು ಕೊಟಿನಿನ್ ಎಂಬ ವಸ್ತುವಾಗಿ ಬದಲಾಗುತ್ತದೆ. ಈ ಬದಲಾವಣೆಯ ಬಹುಪಾಲನ್ನು ಮಾಡುವುದು ಇದೇ ಕಿಣ್ವ. ಮುಂದೆ ಕೊಟಿನಿನ್ ಅನ್ನು ಹೈಡ್ರಾಕ್ಸಿಕೊಟಿನಿನ್ ಆಗಿ ಮಾರ್ಪಡಿಸುವ ಕೆಲಸವೂ ಇದರದ್ದೇ. ಕೊಟಿನಿನ್‌ಗೆ ಸಿಗರೇಟಿನ ತಲಬನ್ನು ತಣಿಸುವ ಶಕ್ತಿ ಇಲ್ಲ. ಆದ್ದರಿಂದ ಕಿಣ್ವ ಎಷ್ಟು ಚುರುಕಾಗಿದೆಯೋ ಅಷ್ಟು ಬೇಗ ಮೆದುಳಿಗೆ ನಿಕೋಟಿನ್ ಕೊರತೆ ತಟ್ಟುತ್ತದೆ.

ಈ ವಂಶವಾಹಿಗೆ ಹಲವು ರೂಪಗಳಿವೆ. ಕೆಲವು ರೂಪಗಳಲ್ಲಿ ಕಿಣ್ವ ಕಡಿಮೆ ಪ್ರಮಾಣದಲ್ಲಿ ತಯಾರಾಗುತ್ತದೆ. ಕೆಲವರಲ್ಲಿ ತಯಾರಾದರೂ ಕೆಲಸ ಮಾಡುವುದಿಲ್ಲ. ಇನ್ನು ಕೆಲವರಲ್ಲಿ ವಂಶವಾಹಿಯೇ ಪೂರ್ತಿಯಾಗಿ ಕಳಚಿಹೋಗಿರುತ್ತದೆ. ಈ ಕೊನೆಯ ಬಗೆ ಜಪಾನಿನವರಲ್ಲಿ ಸಾಕಷ್ಟು ಸಾಮಾನ್ಯ. ಇನ್ನೊಂದು ತುದಿಯಲ್ಲಿ, ಒಂದೇ ವರ್ಣತಂತುವಿನಲ್ಲಿ ಒಂದರ ಜಾಗದಲ್ಲಿ ಎರಡು ಪ್ರತಿಗಳಿರುವವರೂ ಇದ್ದಾರೆ. ಅವರಲ್ಲಿ ನಿಕೋಟಿನ್ ಇನ್ನೂ ವೇಗವಾಗಿ ಕರಗುತ್ತದೆ.

ಈಗ ನಿಮ್ಮ ಮನೆಯ ವಿಷಯಕ್ಕೆ ಬರೋಣ. ನಿಮ್ಮ ತಂದೆ ಮತ್ತು ತಾಯಿ ಇಬ್ಬರಲ್ಲೂ ಒಂದು ಚುರುಕಾದ ಪ್ರತಿ, ಒಂದು ನಿಧಾನದ ಪ್ರತಿ ಇದೆ ಎಂದು ಇಟ್ಟುಕೊಳ್ಳಿ. ಪ್ರತಿ ಮಗುವಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬರುತ್ತದೆ. ಹಾಗಾಗಿ ಎರಡೂ ನಿಧಾನದ ಪ್ರತಿಗಳು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಎರಡೂ ಚುರುಕಿನವು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಒಂದೊಂದು ಬರುವ ಸಾಧ್ಯತೆ ಅರ್ಧ. ಒಂದೇ ಮನೆಯಲ್ಲಿ ಒಂದೇ ಊಟ ಉಂಡು ಬೆಳೆದ ಅಣ್ಣ ನಿಧಾನದ ತುದಿಯಲ್ಲಿಯೂ ತಮ್ಮ ಚುರುಕಿನ ತುದಿಯಲ್ಲಿಯೂ ಇರುವುದು ಅಪರೂಪದ ಸಂಗತಿಯೇನಲ್ಲ. ನಿಮ್ಮಿಬ್ಬರಲ್ಲಿ ಹಾಗೇ ಆಗಿದೆ ಎಂದು ಪರೀಕ್ಷೆಯಿಲ್ಲದೆ ನಾನು ಹೇಳಲಾರೆ. ಆಗಬಹುದು ಎಂದಷ್ಟೇ ಹೇಳುತ್ತಿದ್ದೇನೆ.

ಈ ವೇಗದ ವ್ಯತ್ಯಾಸ ಹೆಚ್ಚು ಕಾಡುವುದು ರಾತ್ರಿ ಮಲಗಿದಾಗ. ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಸುಮಾರು 2 ಗಂಟೆ ಬೇಕು. ಕಿಣ್ವ ಮಂದವಾಗಿರುವವರಲ್ಲಿ ಇದು ಹೆಚ್ಚು ಹೊತ್ತು ಹಿಡಿಯುತ್ತದೆ; ಲೆಕ್ಕಕ್ಕಾಗಿ 4 ಗಂಟೆ ಎಂದು ತೆಗೆದುಕೊಳ್ಳೋಣ. ಇಬ್ಬರೂ ರಾತ್ರಿ 10ಕ್ಕೆ ಕೊನೆಯ ಸಿಗರೇಟು ಸೇದಿ ಮಲಗಿದರು, ಇಬ್ಬರ ರಕ್ತದಲ್ಲೂ ಆಗ ಪ್ರತಿ ಮಿಲಿಲೀಟರಿಗೆ 32 ನ್ಯಾನೋಗ್ರಾಂ ನಿಕೋಟಿನ್ ಇತ್ತು ಎನ್ನೋಣ. ಬೆಳಿಗ್ಗೆ 6ಕ್ಕೆ ಎದ್ದಾಗ ಚುರುಕಿನವನಲ್ಲಿ ಅದು ನಾಲ್ಕು ಬಾರಿ ಅರ್ಧವಾಗಿ 2ಕ್ಕೆ ಬಂದಿರುತ್ತದೆ. ನಿಧಾನದವನಲ್ಲಿ ಎರಡೇ ಬಾರಿ ಅರ್ಧವಾಗಿ ಇನ್ನೂ 8 ಉಳಿದಿರುತ್ತದೆ. ಕೆರೆಯ ತೂಬನ್ನು ಪೂರ್ತಿ ಎತ್ತಿದ್ದಕ್ಕೂ ಅರ್ಧ ಎತ್ತಿದ್ದಕ್ಕೂ ಬೆಳಗಾಗುವಷ್ಟರಲ್ಲಿ ಕಾಣುವ ವ್ಯತ್ಯಾಸದ ಹಾಗೆ ಇದು.

ಸಲಹಾ ಕೊಠಡಿಗೆ ಬರುತ್ತಿದ್ದ ಒಬ್ಬ ಕಾಫಿ ತೋಟದ ರೈಟರ್ ಸಿಗರೇಟು ಪ್ಯಾಕನ್ನೂ ಬೆಂಕಿಪೊಟ್ಟಣವನ್ನೂ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದರು. ಕಣ್ಣು ಬಿಟ್ಟ ಐದು ನಿಮಿಷದೊಳಗೆ, ಹಲ್ಲುಜ್ಜುವ ಮೊದಲೇ, ಒಂದು ಸಿಗರೇಟು ಸುಟ್ಟಾಗಿರುತ್ತಿತ್ತು. ಕೈ ನಡುಗುತ್ತದೆ, ಅದಿಲ್ಲದೆ ಮಸ್ಟರ್ ಬರೆಯಲು ಆಗುವುದಿಲ್ಲ ಎನ್ನುತ್ತಿದ್ದರು. ಅದೇ ತೋಟದ ಮತ್ತೊಬ್ಬರು ಬೆಳಗಿನ ಕೆಲಸವೆಲ್ಲ ಮುಗಿದು ಹತ್ತು ಗಂಟೆಯ ಟೀಗೆ ಕುಳಿತಾಗ ಮೊದಲ ಸಿಗರೇಟು ಹಚ್ಚುವವರು. ಇಬ್ಬರ ಮನೋಬಲವನ್ನು ಹೋಲಿಸುವುದಕ್ಕೆ ಮೊದಲು ಇಬ್ಬರ ರಕ್ತದಲ್ಲಿ ಬೆಳಗಿನ ಹೊತ್ತಿಗೆ ಏನು ಉಳಿದಿತ್ತು ಎಂದು ಕೇಳುವುದು ನ್ಯಾಯ. ಎದ್ದ ಕೂಡಲೇ ಸೇದುವುದು ವೇಗದ ಒಂದು ಸುಳಿವು ಮಾತ್ರ. ವರ್ಷಗಳ ರೂಢಿಯಿಂದಲೂ ಅದು ಬರಬಹುದು. ನಿಧಾನದವರು ಸರಾಸರಿಯಲ್ಲಿ ದಿನಕ್ಕೆ ಕಡಿಮೆ ಸಿಗರೇಟು ಸೇದುತ್ತಾರೆ, ಬಿಡುವ ಪ್ರಯತ್ನದಲ್ಲಿ ಹೆಚ್ಚಾಗಿ ಗೆಲ್ಲುತ್ತಾರೆ.

ವೇಗವನ್ನು ಅಳೆಯಲು ವಂಶವಾಹಿಯನ್ನೇ ಓದಬೇಕೆಂದಿಲ್ಲ. ರಕ್ತ ಅಥವಾ ಎಂಜಲಿನಲ್ಲಿರುವ ಹೈಡ್ರಾಕ್ಸಿಕೊಟಿನಿನ್ ಪ್ರಮಾಣವನ್ನು ಕೊಟಿನಿನ್ ಪ್ರಮಾಣದಿಂದ ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ಕೊಟಿನಿನ್ 250, ಹೈಡ್ರಾಕ್ಸಿಕೊಟಿನಿನ್ 50 ಇದ್ದವರ ಅನುಪಾತ 0.2, ಅಂದರೆ ಕಿಣ್ವ ಮಂದ. 200 ಮತ್ತು 100 ಇದ್ದವರದ್ದು 0.5, ಅಂದರೆ ಕಿಣ್ವ ಚುರುಕು. ವಂಶವಾಹಿಯ ಪರೀಕ್ಷೆಗಿಂತ ಈ ಅನುಪಾತ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಕಿಣ್ವದ ವೇಗವನ್ನು ಬದಲಿಸುವುದು ವಂಶವಾಹಿ ಮಾತ್ರವಲ್ಲ. ಈಸ್ಟ್ರೋಜನ್ ಅದನ್ನು ಚುರುಕುಗೊಳಿಸುತ್ತದೆ, ಆದ್ದರಿಂದ ಹೆಂಗಸರಲ್ಲಿ ಸರಾಸರಿ ವೇಗ ಹೆಚ್ಚು, ಬಸುರಿನಲ್ಲಿ ಇನ್ನೂ ಹೆಚ್ಚು. ಇವೆಲ್ಲದರ ಒಟ್ಟು ಪರಿಣಾಮ ಈ ಅನುಪಾತದಲ್ಲಿ ಕಾಣುತ್ತದೆ. ಆದರೆ ಇದನ್ನು ಈಗ ಸೇದುತ್ತಿರುವವರಲ್ಲಿ ಮಾತ್ರ ಅಳೆಯಲು ಸಾಧ್ಯ. ನಿಮ್ಮ ಅಣ್ಣನಲ್ಲಿ ಈಗ ಅಳೆಯಲು ಏನೂ ಉಳಿದಿಲ್ಲ. ಅವರಿಗೆ ವಂಶವಾಹಿ ಪರೀಕ್ಷೆಯೊಂದೇ ದಾರಿ. ತಂಬಾಕು ಬಿಡಿಸುವ ಚಿಕಿತ್ಸೆಯಲ್ಲಿ ಈ ಎರಡರಲ್ಲಿ ಯಾವುದೂ ನಿತ್ಯದ ಪರೀಕ್ಷೆಯಾಗಿ ಸೇರಿಲ್ಲ.

ನಿಮ್ಮ ಪ್ಯಾಚ್ ಏಕೆ ಕೈಕೊಟ್ಟಿರಬಹುದು ಎಂಬ ಪ್ರಶ್ನೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಪ್ಯಾಚ್ ಚರ್ಮದ ಮೂಲಕ ಒಂದೇ ಸಮನೆ ನಿಕೋಟಿನ್ ಒದಗಿಸುತ್ತದೆ. ದೊಡ್ಡ ಪ್ಯಾಚ್‌ನಿಂದ 24 ಗಂಟೆಯಲ್ಲಿ ಸುಮಾರು 21 ಮಿಲಿಗ್ರಾಂ. ಒಳಬರುವುದು ಸಮ, ಹೊರಹೋಗುವುದು ಎರಡು ಪಟ್ಟು ವೇಗ ಎಂದಾದರೆ ರಕ್ತದಲ್ಲಿ ನಿಲ್ಲುವ ಮಟ್ಟ ಅರ್ಧಕ್ಕೆ ಇಳಿಯುತ್ತದೆ. ಅದೇ ಪ್ಯಾಚ್ ನಿಮ್ಮ ಅಣ್ಣನಿಗೆ ಸಾಕಾಗಬಹುದಿತ್ತು, ನಿಮಗೆ ಸಾಲದೇ ಹೋಗಬಹುದು. ವೆರೆನಿಕ್ಲಿನ್ ಎಂಬ ಮಾತ್ರೆಯ ಕಥೆ ಬೇರೆ. ಅದು ನಿಕೋಟಿನ್ ಕುಳಿತುಕೊಳ್ಳುವ ಮೆದುಳಿನ ಗ್ರಾಹಕಗಳಲ್ಲೇ ಕುಳಿತು ಅವನ್ನು ಅರ್ಧಂಬರ್ಧ ಪ್ರಚೋದಿಸುತ್ತದೆ, ಆದರೆ ಯಕೃತ್ತಿನ ಈ ಕಿಣ್ವದ ಕೈಗೆ ಸಿಗುವುದಿಲ್ಲ. ಬಹುಪಾಲು ಬದಲಾಗದೆ ಮೂತ್ರದಲ್ಲಿ ಹೊರಹೋಗುತ್ತದೆ.

ಈ ತರ್ಕವನ್ನು ಪರೀಕ್ಷೆಗೆ ಒಡ್ಡಿದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅಮೆರಿಕ ಮತ್ತು ಕೆನಡಾದ 1,246 ಧೂಮಪಾನಿಗಳನ್ನು ಮೊದಲು ಈ ಅನುಪಾತದ ಮೇಲೆ ನಿಧಾನದವರು, ಸಾಮಾನ್ಯ ವೇಗದವರು ಎಂದು ಎರಡು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಕೆಲವರಿಗೆ ಪ್ಯಾಚ್, ಕೆಲವರಿಗೆ ವೆರೆನಿಕ್ಲಿನ್, ಕೆಲವರಿಗೆ ಔಷಧವಿಲ್ಲದ ಹುಸಿ ಚಿಕಿತ್ಸೆ ಕೊಟ್ಟರು. ಚಿಕಿತ್ಸೆ ಮುಗಿಯುವ ಹೊತ್ತಿಗೆ, ಸಾಮಾನ್ಯ ವೇಗದವರಲ್ಲಿ ಹುಸಿ ಚಿಕಿತ್ಸೆಗಿಂತ ಒಬ್ಬರು ಹೆಚ್ಚಾಗಿ ಬಿಡಬೇಕಾದರೆ 26 ಜನರಿಗೆ ಪ್ಯಾಚ್ ಹಾಕಬೇಕಾಗಿತ್ತು. ವೆರೆನಿಕ್ಲಿನ್ ಆದರೆ ಸುಮಾರು 5 ಜನರಿಗೆ ಕೊಟ್ಟರೆ ಸಾಕಾಗಿತ್ತು. ನಿಧಾನದವರಲ್ಲಿ ಈ ಅಂತರವೇ ಇರಲಿಲ್ಲ ಎನ್ನಬಹುದು: ಪ್ಯಾಚ್‌ಗೆ ಸುಮಾರು 10, ಮಾತ್ರೆಗೆ ಸುಮಾರು 8. ಜೊತೆಗೆ ನಿಧಾನದವರಲ್ಲಿ ಮಾತ್ರೆಯ ಅಡ್ಡಪರಿಣಾಮಗಳೇ ಹೆಚ್ಚು ಕಂಡವು. ಹಾಗೆಂದು ಇದನ್ನು ಹಣೆಬರಹ ಎಂದು ಓದಬೇಡಿ. ಅದೇ ಪ್ರಯೋಗದಲ್ಲಿ ನಿಧಾನದ ಗುಂಪಿನಲ್ಲಿಯೂ ಹೆಚ್ಚಿನವರು ಬಿಡಲಾಗದೆ ಉಳಿದರು. ನಿಕೋಟಿನ್ ಗ್ರಾಹಕಗಳ ವಂಶವಾಹಿಗಳು, ಸೇದಿದ ವರ್ಷಗಳು, ಮನೆಯಲ್ಲಿ ಬೇರೆಯವರು ಸೇದುತ್ತಾರೆಯೇ ಎಂಬುದು, ಇವೆಲ್ಲವೂ ಫಲಿತಾಂಶದಲ್ಲಿ ಸೇರುತ್ತವೆ.

ನಿಮ್ಮ ಮಟ್ಟಿಗೆ ಮಾಡಬಹುದಾದದ್ದು ಇಷ್ಟು. ಪ್ಯಾಚ್ ಸೋತ ವಿಷಯವನ್ನೂ, ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಬೇಕಾಗುತ್ತದೆ ಎಂಬುದನ್ನೂ ವೈದ್ಯರಿಗೆ ಬಿಡಿಸಿ ಹೇಳಿ, ವೆರೆನಿಕ್ಲಿನ್ ನಿಮಗೆ ಹೊಂದುತ್ತದೆಯೇ ಎಂದು ಕೇಳಿ. ಅದನ್ನು ಸಾಮಾನ್ಯವಾಗಿ ಬಿಡುವ ದಿನಕ್ಕೆ ಒಂದು ವಾರ ಮೊದಲೇ ಸಣ್ಣ ಪ್ರಮಾಣದಲ್ಲಿ ಆರಂಭಿಸಿ ಹಂತ ಹಂತವಾಗಿ ಏರಿಸುತ್ತಾರೆ. ವಾಕರಿಕೆ ಮತ್ತು ವಿಚಿತ್ರ ಕನಸು ಅದರ ಪರಿಚಿತ ತೊಂದರೆಗಳು, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಪ್ರಮಾಣ ಬೇರೆ. ಅದು ಹೊಂದದಿದ್ದರೆ ಪ್ಯಾಚ್ ಜೊತೆಗೆ ನಿಕೋಟಿನ್ ಗಮ್ ಸೇರಿಸಬಹುದು. ಎರಡೂ ಒಟ್ಟಿಗೆ ಇದ್ದಾಗ ಪ್ಯಾಚ್ ಒಂದೇ ಇದ್ದುದಕ್ಕಿಂತ ಹೆಚ್ಚು ಜನ ಬಿಟ್ಟಿದ್ದಾರೆ. ಗಮ್ ಹಾಕುವ ಕಾಲು ಗಂಟೆ ಮೊದಲಿನಿಂದ ಕಾಫಿ ಕುಡಿಯಬೇಡಿ, ಕಾಫಿಯ ಆಮ್ಲತೆಯಿಂದ ಬಾಯಿಯಲ್ಲಿ ನಿಕೋಟಿನ್ ಹೀರಿಕೆ ಕುಗ್ಗುತ್ತದೆ.

ಕಾಫಿಯ ಮಾತು ಬಂದದ್ದರಿಂದ, ನಮ್ಮ ಕಡೆಯವರಿಗೆ ಬೇಕಾದ ಇನ್ನೊಂದು ವಿಷಯ. ಹೊಗೆಯಲ್ಲಿರುವ ಟಾರ್ ಕೆಫೀನ್ ಕರಗಿಸುವ ಬೇರೊಂದು ಕಿಣ್ವವನ್ನು, ಸಿವೈಪಿ1ಎ2 ಅನ್ನು, ಚುರುಕುಗೊಳಿಸುತ್ತದೆ. ಪ್ಯಾಚ್, ಗಮ್‌ಗಳಲ್ಲಿ ಟಾರ್ ಇಲ್ಲ. ಹಾಗಾಗಿ ಸಿಗರೇಟು ನಿಂತ ಕೆಲವೇ ದಿನಗಳಲ್ಲಿ ಆ ಕಿಣ್ವ ತನ್ನ ಹಳೆಯ ವೇಗಕ್ಕೆ ಇಳಿಯುತ್ತದೆ, ದಿನಕ್ಕೆ ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವವರ ರಕ್ತದಲ್ಲಿ ಕೆಫೀನ್ ಏರುತ್ತದೆ. ಎದೆ ಡವಗುಟ್ಟುವುದು, ನಿದ್ದೆ ಬಾರದಿರುವುದು, ಚಡಪಡಿಕೆ, ಇವನ್ನೆಲ್ಲ ಜನ ನಿಕೋಟಿನ್ ಬಿಟ್ಟ ಬಾಧೆ ಎಂದುಕೊಂಡು ಮತ್ತೆ ಸಿಗರೇಟಿಗೆ ಮರಳುತ್ತಾರೆ. ಬಿಡುವ ವಾರದಲ್ಲಿ ಕಾಫಿಯನ್ನು ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಮುಟ್ಟಬೇಡಿ. ಅದರಿಂದ ಚಡಪಡಿಕೆ ತಗ್ಗಿದರೆ ತೊಂದರೆ ಕಾಫಿಯದ್ದು. ತಗ್ಗದಿದ್ದರೆ ನಿಕೋಟಿನ್ ಸಾಲುತ್ತಿಲ್ಲವೆಂದು ತಿಳಿದು ವೈದ್ಯರ ಹತ್ತಿರ ಪ್ರಮಾಣದ ಮಾತು ತೆಗೆಯಿರಿ.